ಉದ್ಯೋಗ ಪ್ರಸ್ತಾವಕ್ಕೆ ಉತ್ತರಿಸುವ ಗಡುವನ್ನು ನವೆಂಬರ್ 21ರವರೆಗೆ ವಿಸ್ತರಿಸುವಂತೆ ಕೋರಿಕೆ

ತುಮಕೂರು
10 ನವೆಂಬರ್ 2025, ಸೋಮವಾರ

ಇವರಿಗೆ,
ಮಾನವ ಸಂಪನ್ಮೂಲ ವಿಭಾಗದ ವ್ಯವಸ್ಥಾಪಕರು,
ವಸಂತನರಸಾಪುರ ಘಟಕ, ತುಮಕೂರು

ಮಾನ್ಯರೇ,

ವಿಷಯ: ಹಿರಿಯ ಗುಣಮಟ್ಟ ಎಂಜಿನಿಯರ್ ಹುದ್ದೆಯ ಆಫರ್ ಪತ್ರಕ್ಕೆ ಒಪ್ಪಿಗೆ ತಿಳಿಸುವ ಕೊನೆಯ ದಿನವನ್ನು ನವೆಂಬರ್ 12ರಿಂದ ನವೆಂಬರ್ 21ಕ್ಕೆ ಮುಂದೂಡುವ ಬಗ್ಗೆ.

ನವೆಂಬರ್ 6, ಗುರುವಾರ ಸಂಜೆ ತಾವು ಇಮೇಲ್ ಮೂಲಕ ಕಳುಹಿಸಿದ ಆಫರ್ ಪತ್ರ ತಲುಪಿದೆ. ನನ್ನ ಮೇಲೆ ಇಟ್ಟ ವಿಶ್ವಾಸಕ್ಕಾಗಿ ತಮಗೂ, ಸಂದರ್ಶನ ನಡೆಸಿದ ಹಿರಿಯರಿಗೂ ಕೃತಜ್ಞಳಾಗಿದ್ದೇನೆ. ಪತ್ರದಲ್ಲಿರುವಂತೆ ನಾನು ನವೆಂಬರ್ 12, ಬುಧವಾರ ಸಂಜೆ 5 ಗಂಟೆಯೊಳಗೆ ಸಹಿ ಮಾಡಿದ ಪ್ರತಿಯನ್ನು ಹಿಂದಿರುಗಿಸಬೇಕು. ಆ ಗಡುವನ್ನು ನವೆಂಬರ್ 21, ಶುಕ್ರವಾರ ಸಂಜೆ 5 ಗಂಟೆಯವರೆಗೆ ವಿಸ್ತರಿಸಿಕೊಡಬೇಕೆಂದು ಕೋರುವುದೇ ಈ ಪತ್ರದ ಉದ್ದೇಶ. ಶುಕ್ರವಾರ ದೂರವಾಣಿಯಲ್ಲಿ ಈ ವಿಷಯ ಪ್ರಸ್ತಾಪಿಸಿದಾಗ, ಕಾರಣವನ್ನು ಬರವಣಿಗೆಯಲ್ಲಿ ಕೊಟ್ಟರೆ ಘಟಕದ ಮುಖ್ಯಸ್ಥರ ಮುಂದೆ ಇಡಬಹುದೆಂದು ತಮ್ಮ ವಿಭಾಗದವರು ತಿಳಿಸಿದರು. ಎರಡನೆಯ ಶನಿವಾರ, ಕನಕದಾಸ ಜಯಂತಿ ಎರಡೂ ಒಂದೇ ದಿನ ಬಂದು, ಅದರ ಬೆನ್ನಿಗೇ ಭಾನುವಾರವೂ ಇದ್ದುದರಿಂದ, ಕಚೇರಿ ತೆರೆಯುವ ಮೊದಲ ದಿನವಾದ ಇಂದು ಬೆಳಿಗ್ಗೆಯೇ ಇದನ್ನು ಕಳುಹಿಸುತ್ತಿದ್ದೇನೆ.

ಕಾರಣವನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು. ತಮ್ಮ ಘಟಕಕ್ಕೆ ಅರ್ಜಿ ಹಾಕುವುದಕ್ಕೆ ಸುಮಾರು ಎರಡು ವಾರ ಮೊದಲು ನಾನು ಕೋಲಾರ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶದ ಇನ್ನೊಂದು ಸಂಸ್ಥೆಗೂ ಇಂಥದೇ ಹುದ್ದೆಗಾಗಿ ಅರ್ಜಿ ಸಲ್ಲಿಸಿದ್ದೆ. ಅಲ್ಲಿ ಎರಡು ಸುತ್ತುಗಳು ಮುಗಿದಿದ್ದು, ಕೊನೆಯ ಸುತ್ತಿನ ಸಂದರ್ಶನ ನವೆಂಬರ್ 14, ಶುಕ್ರವಾರಕ್ಕೆ ನಿಗದಿಯಾಗಿದೆ. ಫಲಿತಾಂಶವನ್ನು ನವೆಂಬರ್ 19ರೊಳಗೆ ತಿಳಿಸುವುದಾಗಿ ಅವರು ಬರೆದು ತಿಳಿಸಿದ್ದಾರೆ. ತಮ್ಮ ಆಫರ್ ಪತ್ರ ಬಂದ ಮರುದಿನವೇ, ಸಂದರ್ಶನವನ್ನು ನವೆಂಬರ್ 10 ಅಥವಾ 11ಕ್ಕೆ ಹಿಂದೆ ತರಲು ಸಾಧ್ಯವೇ ಎಂದು ಅವರನ್ನು ಕೇಳಿದೆ. ಸಂದರ್ಶನ ಮಂಡಳಿಯ ಇಬ್ಬರು ಚೆನ್ನೈನಿಂದ ಬರಬೇಕಿರುವುದರಿಂದ ದಿನ ಬದಲಿಸಲು ಆಗುವುದಿಲ್ಲವೆಂದು ಅದೇ ಸಂಜೆ ಉತ್ತರ ಬಂತು. ಅಂದರೆ, ತಮಗೆ ಈ ಕೋರಿಕೆಯನ್ನು ಸಲ್ಲಿಸುವ ಮೊದಲು ನನ್ನ ಕೈಯಲ್ಲಿದ್ದ ಇನ್ನೊಂದು ದಾರಿಯನ್ನೂ ನೋಡಿಯೇ ಬಂದಿದ್ದೇನೆ. ಆ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯದಿರುವುದಕ್ಕೆ ಕ್ಷಮೆಯಿರಲಿ. ಅವರಿಗೂ ನಾನು ತಮ್ಮ ಹೆಸರನ್ನಾಗಲಿ, ತಾವು ನೀಡಿರುವ ವೇತನವನ್ನಾಗಲಿ ತಿಳಿಸಿಲ್ಲ.

ವೇತನದ ಮಾತು ಬಂದುದರಿಂದ ಅದನ್ನೂ ಸ್ಪಷ್ಟಪಡಿಸುತ್ತೇನೆ. ತಾವು ಸೂಚಿಸಿರುವ ವಾರ್ಷಿಕ 9,60,000 ರೂಪಾಯಿ ನಾವು ಮಾತನಾಡಿಕೊಂಡ ಮೊತ್ತವೇ ಆಗಿದೆ, ಅದು ನನಗೆ ಒಪ್ಪಿಗೆಯಾಗಿದೆ. ಅಲ್ಲಿಂದ ಹೆಚ್ಚಿನ ಅಂಕಿ ಬಂದರೂ ಅದನ್ನು ತಂದು ತಮ್ಮ ಮುಂದಿಟ್ಟು ಚೌಕಾಸಿ ಮಾಡುವುದಿಲ್ಲ. ಗಡುವು ವಿಸ್ತರಿಸಿ ಎಂದವರು ಹತ್ತರಲ್ಲಿ ಎಂಟು ಸಲ ಸಂಬಳ ಏರಿಸಿಕೊಳ್ಳಲೆಂದೇ ಕೇಳುತ್ತಾರೆ ಎಂಬ ಅನುಮಾನ ತಮಗಿದ್ದರೆ ಅದನ್ನು ತಪ್ಪೆನ್ನಲಾರೆ. ನಾನು ಕೆಲಸ ಮಾಡುವ ಕಡೆಯೂ ಆ ಅನುಮಾನ ಇದ್ದೇ ಇದೆ.

ನಿಜವಾದ ತೊಡಕು ಮನೆಯದು. ನನ್ನ ತಂದೆ ತಾಯಿ ತುಮಕೂರಿನಲ್ಲಿದ್ದಾರೆ. ನನ್ನ ಪತಿ ಮಾಲೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕರು. ನಾನು ಆರು ವರ್ಷಗಳಿಂದ ಬೆಳಗಿನ ರೈಲು ಹಿಡಿದು ಯಶವಂತಪುರಕ್ಕೆ, ಅಲ್ಲಿಂದ ಮೆಟ್ರೋದಲ್ಲಿ ಪೀಣ್ಯಕ್ಕೆ ಓಡಾಡುತ್ತಿದ್ದೇನೆ. ಅವರು ಶನಿವಾರ ಮಧ್ಯಾಹ್ನ ಹೊರಟು, ಬೆಂಗಳೂರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿ, ರಾತ್ರಿಗೆ ಮನೆ ಸೇರುತ್ತಾರೆ. ಮುಂದಿನ ಜೂನ್‌ನಲ್ಲಿ ಮಗಳು ಒಂದನೆಯ ತರಗತಿಗೆ ಸೇರಬೇಕು. ಅವಳ ಶಾಲೆ ತುಮಕೂರಿನಲ್ಲೋ ಕೋಲಾರದಲ್ಲೋ ಎಂಬುದನ್ನು ನನ್ನ ಮುಂದಿನ ಕೆಲಸವೇ ತೀರ್ಮಾನಿಸುತ್ತದೆ. ತಮ್ಮಲ್ಲಿಗೆ ಬಂದರೆ ತಂದೆ ತಾಯಿಯ ಜೊತೆಯಲ್ಲೇ ಇರಬಹುದು, ದಿನಕ್ಕೆ ನಾಲ್ಕು ಗಂಟೆಯ ಪ್ರಯಾಣ ಉಳಿಯುತ್ತದೆ. ಅಲ್ಲಿಗೆ ಹೋದರೆ ಸಂಸಾರ ಒಂದೇ ಸೂರಿನಡಿ ಬರುತ್ತದೆ, ಆದರೆ ವಯಸ್ಸಾದವರಿಬ್ಬರು ಇಲ್ಲಿ ಒಂಟಿಯಾಗುತ್ತಾರೆ. ಹೀಗಿರುವಾಗ ಒಂದು ಬಾಗಿಲು ತೆರೆದಿದೆಯೇ ಮುಚ್ಚಿದೆಯೇ ಎಂದು ತಿಳಿಯದೆ ನಾವು ಮನೆಯವರು ಕೂತು ತೀರ್ಮಾನಿಸಿದರೆ ಅದು ಅರೆಮನಸ್ಸಿನ ತೀರ್ಮಾನವಾಗುತ್ತದೆ. ಕಚೇರಿಯ ಪತ್ರದಲ್ಲಿ ಮನೆಯ ಸಂಗತಿ ಇಷ್ಟು ಬರೆಯುವುದು ವಾಡಿಕೆಯಲ್ಲವೆಂದು ಬಲ್ಲೆ. ಆದರೆ ‘ವೈಯಕ್ತಿಕ ಕಾರಣಗಳಿಂದ’ ಎಂಬ ಎರಡು ಪದಗಳಲ್ಲಿ ಮುಗಿಸಿದ್ದರೆ ತಾವು ಅದನ್ನು ತೂಗಿ ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ.

ಬುಧವಾರ ಸಹಿ ಮಾಡಿಕೊಟ್ಟು, ಆ ಸಂದರ್ಶನಕ್ಕೂ ಸದ್ದಿಲ್ಲದೆ ಹೋಗಿಬಂದು, ಆಮೇಲೆ ಬೇಕಾದರೆ ಬಿಟ್ಟರಾಯಿತು ಎಂದು ಸಲಹೆ ಕೊಟ್ಟ ಸ್ನೇಹಿತರೂ ಇದ್ದಾರೆ. ಅದು ನನ್ನಿಂದಾಗದು. ಈಗಿನ ಕೆಲಸದಲ್ಲಿ ಎರಡು ವರ್ಷಗಳ ಹಿಂದೆ ನನ್ನ ತಂಡಕ್ಕೆ ಒಬ್ಬರನ್ನು ಆಯ್ಕೆ ಮಾಡಿ, ಅವರ ನೋಟಿಸ್ ಅವಧಿ ಮುಗಿಯಲೆಂದು ಮೂರು ತಿಂಗಳು ಸ್ಥಾನ ಖಾಲಿಯಿಟ್ಟು ಕಾದೆವು. ಸೇರಬೇಕಾದ ದಿನ ಅವರು ಬರಲಿಲ್ಲ, ದೂರವಾಣಿಯನ್ನೂ ಎತ್ತಲಿಲ್ಲ. ಎರಡನೆಯ ಸ್ಥಾನದಲ್ಲಿದ್ದ ಅಭ್ಯರ್ಥಿ ಅಷ್ಟರಲ್ಲಿ ಬೇರೆಡೆ ಸೇರಿದ್ದರು. ಆ ಪಾಳಿಯ ತಪಾಸಣೆಯನ್ನು ಉಳಿದ ಮೂವರು ಇನ್ನೂ ಎರಡೂವರೆ ತಿಂಗಳು ಹೊತ್ತೆವು. ಅದರಲ್ಲಿ ನಾನೂ ಒಬ್ಬಳು. ಆದ್ದರಿಂದ ನಾನು ‘ಬರುತ್ತೇನೆ’ ಎಂದು ಸಹಿ ಹಾಕಿದರೆ ಫೆಬ್ರುವರಿ 2ರ ಬೆಳಿಗ್ಗೆ ತಮ್ಮ ಗೇಟಿನ ಮುಂದೆ ಇರಲೇಬೇಕು. ಅಂಥ ಒಪ್ಪಿಗೆ ಕೊಡುವುದಕ್ಕೆ ನನಗೆ ಬೇಕಿರುವುದು ಈ ಒಂಬತ್ತು ದಿನ.

ಈ ಒಂಬತ್ತು ದಿನಗಳಿಂದ ತಮ್ಮ ವೇಳಾಪಟ್ಟಿಗೆ ಆಗುವ ವ್ಯತ್ಯಾಸವನ್ನೂ ಲೆಕ್ಕ ಹಾಕಿ ನೋಡಿದ್ದೇನೆ. ಆಫರ್ ಪತ್ರದ ಪ್ರಕಾರ ಸೇರಬೇಕಾದ ದಿನ 2026ರ ಫೆಬ್ರುವರಿ 2, ಸೋಮವಾರ. ನನ್ನ ನೋಟಿಸ್ ಅವಧಿ 60 ದಿನ. ನವೆಂಬರ್ 21ರ ಸಂಜೆ ಒಪ್ಪಿಗೆ ಕೊಟ್ಟು, ಮರುದಿನ 22ರಂದು ರಾಜೀನಾಮೆ ಸಲ್ಲಿಸಿದರೆ, ಅದೇ ದಿನದಿಂದ ಎಣಿಸಿ ಜನವರಿ 20ಕ್ಕೆ 60 ದಿನ ಪೂರ್ತಿಯಾಗುತ್ತದೆ. ರಿಲೀವಿಂಗ್ ಪತ್ರ ಪಡೆಯಲು, ಬಾಕಿ ಲೆಕ್ಕ ತೀರಿಸಿಕೊಳ್ಳಲು ಮತ್ತೆ ಹನ್ನೆರಡು ದಿನ ಉಳಿಯುತ್ತವೆ. ಹಾಗಾಗಿ ಗಡುವು ಮುಂದೆ ಹೋದರೂ ಸೇರುವ ದಿನ ಒಂದು ದಿನವೂ ಮುಂದೆ ಹೋಗುವುದಿಲ್ಲ. ನನ್ನ ಅಂಕಪಟ್ಟಿಗಳು, ಪದವಿ ಪ್ರಮಾಣಪತ್ರ, ಹಿಂದಿನ ಸಂಸ್ಥೆಯ ಸೇವಾ ಪ್ರಮಾಣಪತ್ರ, ಕಳೆದ ಮೂರು ತಿಂಗಳ ವೇತನ ಚೀಟಿ, ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಎಲ್ಲವೂ ಸಿದ್ಧವಾಗಿವೆ. ತಾವು ಹೇಳಿದರೆ ಇಂದೇ ಕಳುಹಿಸುತ್ತೇನೆ. ವೈದ್ಯಕೀಯ ತಪಾಸಣೆಯನ್ನು ಮಾತ್ರ, ಅದರ ಖರ್ಚು ಸಂಸ್ಥೆಯದಾದ್ದರಿಂದ, ನನ್ನ ಉತ್ತರ ಬಂದ ಮೇಲೆಯೇ ಮಾಡಿಸುವುದು ಸರಿಯೆಂದು ನನ್ನ ಅಭಿಪ್ರಾಯ. ನನ್ನ ಒಪ್ಪಿಗೆಯೇ ಇಲ್ಲದೆ ತಾವು ಹಣ ತೆರುವಂತಾಗಬಾರದು.

ಹೀಗೆಂದ ಮಾತ್ರಕ್ಕೆ ತಮಗೆ ಏನೂ ತೊಂದರೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಮುಂದಿನ ಸರತಿಯಲ್ಲಿರುವ ಅಭ್ಯರ್ಥಿ ಕಾಯಬೇಕಾಗುತ್ತದೆ. ಮಾರ್ಚ್‌ನಲ್ಲಿ ಆರಂಭವಾಗುವ ಹೊಸ ಲೈನಿಗೆ ಮೊದಲ ತುಣುಕಿನ ತಪಾಸಣಾ ಕ್ರಮವನ್ನು ಬರೆದು ಸಿದ್ಧಪಡಿಸುವವರು ಯಾರೆಂಬುದು ಇನ್ನೊಂದು ವಾರ ಅನಿಶ್ಚಿತವಾಗಿ ಉಳಿಯುತ್ತದೆ. ದೀಪಾವಳಿ ಕಳೆದ ಎರಡು ದಿನಕ್ಕೆ, ಅಕ್ಟೋಬರ್ 24ರಂದು, ಘಟಕದ ಮುಖ್ಯಸ್ಥರು ನನ್ನನ್ನು ಯಂತ್ರಗಳ ನಡುವೆ ಕರೆದುಕೊಂಡು ಹೋಗಿ ತೋರಿಸಿದ ಸಮಸ್ಯೆ ಇನ್ನೂ ನನ್ನ ತಲೆಯಲ್ಲಿದೆ: ಪಾಳಿ ಬದಲಾದ ಮೊದಲ ಅರ್ಧ ಗಂಟೆಯಲ್ಲೇ ರಂಧ್ರದ ಅಳತೆ ತಪ್ಪಿದ ತುಣುಕುಗಳು ಹೆಚ್ಚಾಗಿ ಬರುತ್ತಿದ್ದವು, ಗೇಜುಗಳು ಸರಿಯಾಗಿದ್ದರೂ. ಯಂತ್ರ ಬಿಸಿಯೇರುವ ಮುನ್ನವೇ ಸೆಟ್ಟಿಂಗ್ ಮಾಡುವುದರಿಂದ ಹಾಗಾಗುತ್ತಿರಬಹುದೆಂದು ನಾನು ಅಂದು ಹೇಳಿದ್ದೆ. ಅದನ್ನು ಪರೀಕ್ಷಿಸಿ ನೋಡುವ ಅವಕಾಶ ಸಿಗಲೆಂಬ ಆಸೆ ನನಗಿದೆ ಎಂಬುದನ್ನು ಅವರಿಗೆ ದಯವಿಟ್ಟು ತಿಳಿಸಿ. ಈ ಕೋರಿಕೆಯನ್ನು ಹುದ್ದೆಯ ಬಗೆಗಿನ ನಿರಾಸಕ್ತಿಯೆಂದು ಅವರು ಭಾವಿಸಬಾರದೆಂಬುದೇ ನನ್ನ ದೊಡ್ಡ ಕಾಳಜಿ.

ನವೆಂಬರ್ 21ರವರೆಗೆ ಸಾಧ್ಯವಿಲ್ಲದಿದ್ದಲ್ಲಿ, ಕನಿಷ್ಠ ನವೆಂಬರ್ 20, ಗುರುವಾರ ಮಧ್ಯಾಹ್ನ 1 ಗಂಟೆಯವರೆಗೆ ಅವಕಾಶ ಕೊಟ್ಟರೂ ನನಗೆ ಸಾಕು. ಅವರ ಫಲಿತಾಂಶ 19ರ ಸಂಜೆ ಬಂದರೆ, ಮನೆಯಲ್ಲಿ ಮಾತನಾಡಲು ಒಂದು ರಾತ್ರಿ ಸಿಗುತ್ತದೆ. ಫಲಿತಾಂಶ ಅದಕ್ಕೂ ಮುಂಚೆಯೇ ಬಂದರೆ ಗಡುವಿನವರೆಗೆ ಕಾಯಿಸದೆ ಅದರ ಮರುದಿನವೇ ಉತ್ತರಿಸುತ್ತೇನೆ. ಅವರು ಹೇಳಿದ ದಿನ ತಪ್ಪಿಸಿದರೂ ಎರಡನೆಯ ಬಾರಿ ಗಡುವು ಕೇಳುವುದಿಲ್ಲ, ತಾವು ಕೊಟ್ಟ ದಿನದೊಳಗೆ ಇದ್ದ ಮಾಹಿತಿಯ ಮೇಲೆಯೇ ತೀರ್ಮಾನಿಸಿ ತಿಳಿಸುತ್ತೇನೆ. ಯಾವ ವಿಸ್ತರಣೆಯೂ ಸಾಧ್ಯವಿಲ್ಲವೆಂದಾದರೆ ಅದನ್ನೂ ಗೌರವಿಸುತ್ತೇನೆ. ಆಗ ನವೆಂಬರ್ 12ರ ಸಂಜೆ 5 ಗಂಟೆಯೊಳಗೆ ನನ್ನ ಉತ್ತರ ತಮ್ಮ ಕೈಸೇರುತ್ತದೆ. ಈ ಪತ್ರವನ್ನು ಆಫರಿನ ನಿರಾಕರಣೆಯೆಂದಾಗಲಿ, ಷರತ್ತಿನ ಮೇಲಿನ ಒಪ್ಪಿಗೆಯೆಂದಾಗಲಿ ಪರಿಗಣಿಸಬಾರದೆಂದು ಪ್ರಾರ್ಥಿಸುತ್ತೇನೆ.

ಇನ್ನೊಂದು ಸಣ್ಣ ಕೋರಿಕೆ. ಗಡುವು ಮುಗಿದರೆ ಆಫರ್ ತಾನಾಗಿಯೇ ರದ್ದಾಗುತ್ತದೆಂದು ಪತ್ರದ ನಾಲ್ಕನೆಯ ಷರತ್ತಿನಲ್ಲಿದೆ. 1872ರ ಭಾರತೀಯ ಕರಾರು ಕಾಯಿದೆಯೂ ಒಪ್ಪಿಗೆಗೆ ಗೊತ್ತುಪಡಿಸಿದ ಕಾಲ ಮೀರಿದ ಪ್ರಸ್ತಾವದ ಬಗ್ಗೆ ಅದನ್ನೇ ಹೇಳುತ್ತದೆ. ಆದ್ದರಿಂದ ಬಾಯಿಮಾತಿನ ಭರವಸೆಯಷ್ಟೇ ಅಲ್ಲದೆ, ಹೊಸ ದಿನಾಂಕ ಹಾಗೂ ಸಮಯವನ್ನು ನಮೂದಿಸಿದ ಒಂದು ಸಾಲಿನ ಇಮೇಲನ್ನು ನಾಳೆ, ನವೆಂಬರ್ 11ರ ಸಂಜೆಯೊಳಗೆ ಕಳುಹಿಸಿದರೆ ಉಪಕಾರವಾಗುತ್ತದೆ. ಇದು ತಮ್ಮ ಮಾತಿನ ಮೇಲಿನ ಅಪನಂಬಿಕೆಯಲ್ಲ; ಮುಂದೆ ಕಡತ ನೋಡುವ ಯಾರಿಗೂ ಗೊಂದಲವಾಗಬಾರದೆಂದು ಕೇಳುತ್ತಿದ್ದೇನೆ.

ಮಾತನಾಡುವುದು ಅಗತ್ಯವೆನಿಸಿದರೆ ಅರ್ಜಿಯಲ್ಲಿರುವ ಮೊಬೈಲ್ ಸಂಖ್ಯೆಗೆ ಕರೆ ಮಾಡಬಹುದು. ಪಾಳಿಯಲ್ಲಿರುವಾಗ ಮೊಬೈಲನ್ನು ಹೊರಗಿಟ್ಟು ಹೋಗಬೇಕಾದ್ದರಿಂದ ಮಧ್ಯಾಹ್ನ 12.30ರಿಂದ 1.15ರವರೆಗೆ, ಇಲ್ಲವೇ ಸಂಜೆ 6ರ ನಂತರ ಸಿಗುತ್ತೇನೆ. ಸಂಜೆಯ ರೈಲಿನಲ್ಲಿ ನೆಟ್‌ವರ್ಕ್ ಕಡಿದುಹೋದರೆ ತುಮಕೂರು ತಲುಪಿದೊಡನೆ ನಾನೇ ಕರೆ ಮಾಡುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ರೂಪಾ
ಹಿರಿಯ ಗುಣಮಟ್ಟ ಎಂಜಿನಿಯರ್ ಹುದ್ದೆಯ ಅಭ್ಯರ್ಥಿ

ಲಗತ್ತು: ನವೆಂಬರ್ 6ರ ಆಫರ್ ಪತ್ರದ ಪ್ರತಿ