ಮಣ್ಣಿನಲ್ಲಿ ಯಾವುದು ಬೇಗ ಕೊಳೆಯುತ್ತದೆ? – 8ನೇ ತರಗತಿ, ಐದು ಜನರ ಗುಂಪಿನ ಪ್ರಯೋಗ ವರದಿ

ಅವಧಿ: 2025 ಜುಲೈ 1ರಿಂದ ಆಗಸ್ಟ್ 30, ಒಟ್ಟು 60 ದಿನ

ಮಾಡಿದ ರೀತಿ: ಬಾಳೆಹಣ್ಣಿನ ಸಿಪ್ಪೆ, ಮುತ್ತುಗದ ಊಟದೆಲೆ, ದಿನಪತ್ರಿಕೆ, ಹಳೆ ಹತ್ತಿ ಬನಿಯನ್, ಟೀ ಕುಡಿಯುವ ಪೇಪರ್ ಲೋಟ, ಹಾಲಿನ ಪ್ಯಾಕೆಟ್, ಕಬ್ಬಿಣದ ಮೊಳೆ. ಪ್ರತಿಯೊಂದೂ 20 ಗ್ರಾಂ. ಒಂದೊಂದನ್ನೂ ಈರುಳ್ಳಿ ಚೀಲದ ಬಲೆಯಲ್ಲಿ ಕಟ್ಟಿದೆವು, ಇಲ್ಲದಿದ್ದರೆ ಕೊಳೆತದ್ದನ್ನು ಹುಡುಕೋದೇ ಕಷ್ಟ. ಶಾಲೆಯ ಹಿಂದಿನ ಕೆಂಪು ಮಣ್ಣಿನಲ್ಲಿ ಒಂದು ಗೇಣು ಆಳದ ಏಳು ಗುಂಡಿ ತೋಡಿ ಹೂತು, ಮೇಲೆ ನಂಬರ್ ಬರೆದ ಕಡ್ಡಿ ನೆಟ್ಟೆವು. ಮಳೆ ಇಲ್ಲದ ದಿನ ಎಲ್ಲಕ್ಕೂ ಒಂದೊಂದು ಚೊಂಬು ನೀರು. 15 ದಿನಕ್ಕೊಮ್ಮೆ ತೆಗೆದು, ನೋಡಿ, ತೂಗಿ, ಮತ್ತೆ ಹೂತೆವು.

ದಾಖಲೆ ಪುಸ್ತಕದಿಂದ:

ಜುಲೈ 10: ಗುಂಡಿ 1 ನಾಯಿ ಕೆದರಿದೆ. ಸ್ವಲ್ಪ ಸಿಪ್ಪೆ ಹೊರಗೆ ಬಿದ್ದಿತ್ತು. ಸಿಕ್ಕಷ್ಟು ಒಳಗೆ ಹಾಕಿ, ಮೇಲೆ ಕಲ್ಲು ಇಟ್ಟೆವು.

ಜುಲೈ 16: ಸಿಪ್ಪೆ ಕಪ್ಪಾಗಿ ಲೋಳೆಯಾಗಿದೆ, ಇರುವೆ ಇವೆ. ಪತ್ರಿಕೆ 20 ಗ್ರಾಂ ಇದ್ದದ್ದು 43 ಗ್ರಾಂ!

ಜುಲೈ 31: ಸಿಪ್ಪೆ ಕಾಣಲಿಲ್ಲ. ಪತ್ರಿಕೆ ಈಗಲೂ 38 ಗ್ರಾಂ.

ಕೊಳೆಯಬೇಕಾದದ್ದು ತೂಕ ಜಾಸ್ತಿ ಆಗೋದು ಹೇಗೆ? ನಾವು ತೂಗಿದ್ದು ನೀರು ಮತ್ತು ಮಣ್ಣನ್ನು, ಅಷ್ಟೇ. ಆ ಅಂಕಿಗಳನ್ನು ಅಳಿಸಿಲ್ಲ, ಪಕ್ಕದಲ್ಲಿ ‘ಒದ್ದೆ’ ಎಂದು ಬರೆದಿದ್ದೇವೆ. ಮುಂದಿನ ಸಲದಿಂದ ಮಣ್ಣು ಉದುರಿಸಿ, ಎರಡು ದಿನ ಒಣಗಿಸಿ ತೂಗಿದೆವು.

ಆಗಸ್ಟ್ 15: ಧ್ವಜಾರೋಹಣ ಮುಗಿಸಿ ತೆಗೆದೆವು. ಒಣಗಿದ ಮೇಲೆ ಪತ್ರಿಕೆ 14 ಗ್ರಾಂ, ಊಟದೆಲೆ 9.

ಆಗಸ್ಟ್ 30ರಂದು ತೆಗೆದದ್ದು (ಒಣ ತೂಕ): ಪತ್ರಿಕೆ 11 ಗ್ರಾಂ. ಊಟದೆಲೆ 6, ಉಳಿದದ್ದು ನರಗಳು ಮತ್ತು ಚುಚ್ಚಿದ ಕಡ್ಡಿ. ಬನಿಯನ್ 13. ಬಟ್ಟೆ ಎಳೆದರೆ ಹರಿಯುತ್ತದೆ, ಆದರೆ ಅಂಚಿನ ಹೊಲಿಗೆ ದಾರ ಹೊಸದರಂತಿದೆ. ಅದು ಹತ್ತಿ ದಾರ ಅಲ್ಲ ಅನ್ನಿಸುತ್ತದೆ. ಹಾಲಿನ ಪ್ಯಾಕೆಟ್ 20, ಅಕ್ಷರ ಸಹ ಓದಬಹುದು. ಮೊಳೆಗೆ ತುಕ್ಕು ಹಿಡಿದಿದೆ. ಅದು ಕೊಳೆತದ್ದಲ್ಲ, ಕಬ್ಬಿಣ ಗಾಳಿ-ನೀರಿನ ಜೊತೆ ಸೇರಿ ಆದದ್ದು.

ಪೇಪರ್ ಲೋಟ ಬೇಗ ಮಾಯ ಆಗುತ್ತೆ ಅಂತ ನಾವೆಲ್ಲ ಮೊದಲೇ ಬರೆದಿದ್ದೆವು. ಹೊರಗಿನ ಕಾಗದ ಬೆರಳಲ್ಲಿ ಉಜ್ಜಿದರೆ ಉದುರಿತು. ಒಳಗಿನಿಂದ ಲೋಟದ ಆಕಾರದಲ್ಲೇ ತೆಳ್ಳನೆ ಪೊರೆ ಎದ್ದು ಬಂತು. ಟೀ ಸೋರದಂತೆ ಹಚ್ಚಿದ ಪ್ಲಾಸ್ಟಿಕ್ ಅದು. ನಮ್ಮ ಊಹೆ ತಪ್ಪಾಯಿತು.

ತೀರ್ಮಾನ: ನಮ್ಮ ಮಣ್ಣಿನಲ್ಲಿ, ಮಳೆಗಾಲದಲ್ಲಿ, 60 ದಿನಕ್ಕೆ ಎಲೆ, ಕಾಗದ, ಹತ್ತಿ ಕಡಿಮೆಯಾದವು. ಪ್ಲಾಸ್ಟಿಕ್‌ನಲ್ಲಿ ಬದಲಾವಣೆ ಕಾಣಲಿಲ್ಲ. ಅದು ಎಷ್ಟು ವರ್ಷ ಇರುತ್ತದೆ ಎಂದು ಈ ಪ್ರಯೋಗದಿಂದ ಹೇಳಲಾಗದು. ಸಿಪ್ಪೆಯೇ ಮೊದಲು ಎಂದು ಖಚಿತವಾಗಿ ಬರೆಯಲಾರೆವು, ನಾಯಿ ಎಷ್ಟು ತಿಂದಿತೋ! ಎಲೆ, ಬಟ್ಟೆಯಲ್ಲಿ ಅಂಟಿದ ಮಣ್ಣು ಪೂರ್ತಿ ಹೋಗಲಿಲ್ಲ, ಒಂದೆರಡು ಗ್ರಾಂ ಹೆಚ್ಚುಕಮ್ಮಿ ಇರಬಹುದು. ಒಂದೊಂದಕ್ಕೆ ಒಂದೇ ಗುಂಡಿ ಇತ್ತು, ಮೂರಾದರೂ ಬೇಕಿತ್ತು.

ಲೋಟದ ಪೊರೆಯನ್ನು ತೊಳೆದು ದಾಖಲೆ ಪುಸ್ತಕದ ಕೊನೆ ಪುಟಕ್ಕೆ ಅಂಟಿಸಿದ್ದೇವೆ.