ಅಮಾವಾಸ್ಯೆಯಿಂದ ಅಮಾವಾಸ್ಯೆಗೆ

ದನದ ಡಾಕ್ಟ್ರೇ,

ಗಾಬರಿ ಆಗಬೇಡಿ. ಮೆಸೇಜ್ ಉದ್ದ ಇದೆ, ವಿಷಯ ಸಣ್ಣದು. ಯಾರಿಗೂ ಏನೂ ಆಗಿಲ್ಲ, ಎಲ್ಲ ಆರಾಮ. ಚಹಾ ಕುಡಿಯುತ್ತಾ ಓದಿ, ಬೈಕ್ ಮೇಲೆ ಓದಬೇಡಿ. ಒಂದು ಕೈ ಎಮ್ಮೆ ಹತ್ತಿರ ಇದ್ದರೆ ಮೊದಲು ಅದನ್ನು ಮುಗಿಸಿ.

ಇವತ್ತು ಅವರಾತ್ರಿ ಅಮಾವಾಸ್ಯೆ. ಬೆಳಿಗ್ಗೆ ಅವ್ವ ಅಂದಾಗಲೇ ನನಗೆ ಹೊಳೆದದ್ದು. ನೀವು ಸಿಕ್ಕಿದ್ದು ಎಳ್ಳ ಅಮಾವಾಸ್ಯೆಗೆ ಅಲ್ವಾ? ಅಂದರೆ ಒಂದು ತಿಂಗಳು. ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದು ತಾರೀಖು ಹಿಡಿದು ಜಗಳಕ್ಕೆ ಬರಬೇಡಿ. ಬ್ಯಾಂಕಿನವಳು ನಾನು, ಒಂದೆರಡು ದಿನದ ಹೆಚ್ಚುಕಮ್ಮಿಯನ್ನು ನಾನೇ ಮಾಫಿ ಮಾಡಿದ್ದೇನೆ.

ಬೇರೆಯವರಿಗೆಲ್ಲ ಹುಣ್ಣಿಮೆ, ಬೆಳದಿಂಗಳು, ಏನೇನೋ ಇರುತ್ತದೆ. ನಮ್ಮದು ನೋಡಿ, ಅಮಾವಾಸ್ಯೆಗೆ ಶುರು, ಅಮಾವಾಸ್ಯೆಗೆ ಒಂದು ತಿಂಗಳು. ಒಳ್ಳೆಯದೇ ಆಯ್ತು. ನನ್ನ ಮುಖ ಚಂದ್ರನ ಹಾಗಿದೆ ಅಂತ ಸುಳ್ಳು ಹೇಳುವ ಕಷ್ಟ ನಿಮಗೆ ಬರಲಿಲ್ಲ. ನೀವು ಅದನ್ನೂ ದಾಟಿ ಸೀದಾ ಹಸುವಿಗೇ ಹೋದಿರಿ. ಆ ಕೇಸ್ ಇನ್ನೂ ಕ್ಲೋಸ್ ಆಗಿಲ್ಲ, ಕೆಳಗೆ ಬರುತ್ತೇನೆ.

ಮೊದಲು ಆ ದಿನದ್ದು ಹೇಳಬೇಕು. ನಿಮಗೆ ಗೊತ್ತಿಲ್ಲದ ಕೆಲವು ಸಂಗತಿ ನನ್ನ ಹತ್ತಿರ ಇವೆ.

ಹುಮನಾಬಾದ್ ಕಡೆ ನನ್ನ ಗೆಳತಿಯ ಮಾವನವರ ಹೊಲ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಪಾಂಡವರನ್ನು ಇಟ್ಟು ಪೂಜೆ ಆಗಿತ್ತು. ಗಂಡಸರು ಚರಗ ಚೆಲ್ಲಲು ಹೊಲದ ಸುತ್ತ ಹೋಗಿದ್ದರು. ಎಲ್ಲರೂ ವಾಪಸ್ ಬಂದು ಕೂತರು. ಕೊನೆಗೆ ಬಂದ ಒಬ್ಬ ಮನುಷ್ಯ ಮಾತ್ರ ಕೂರಲಿಲ್ಲ. ಬದುವಿನ ಮೇಲೆ ಒಂಟಿ ಕಾಲಲ್ಲಿ ನಿಂತು ಪ್ಯಾಂಟಿಗೆ ಅಂಟಿದ ಉತ್ತರಾಣಿ ಮುಳ್ಳು ಕೀಳುತ್ತಿದ್ದ. ಒಂದೊಂದಾಗಿ. ಬಹಳ ಶ್ರದ್ಧೆಯಿಂದ. ಕಿತ್ತದ್ದನ್ನು ಕೆಳಗೆ ಬಿಸಾಕದೆ ಎಡಗೈಯಲ್ಲಿ ಕೂಡಿಸಿಟ್ಟುಕೊಳ್ಳುತ್ತಿದ್ದ. ಯಾರಿದು ಅಂತ ಗೆಳತಿಯನ್ನು ಕೇಳಿದೆ. "ನಮ್ಮ ಎತ್ತಿಗೆ ಔಷಧ ಕೊಟ್ಟ ಡಾಕ್ಟ್ರು, ಬೀದರಿನವರು. ಮಾವ ಊಟಕ್ಕೆ ಕರೆದಿದ್ದಾರೆ" ಅಂದಳು. ನಾನು "ಹೌದಾ" ಅಂದೆ ಅಷ್ಟೇ. ಆದರೆ ನನ್ನ ತಟ್ಟೆ ತೆಗೆದುಕೊಂಡು ಹೋಗಿ ಖಾಲಿ ಜಾಗ ಇದ್ದ ಕಡೆ ಕೂತೆ. ನಿಮಗೆ ಬೇರೆ ಜಾಗವೇ ಉಳಿಯದ ಹಾಗೆ. ನೀವು ಇಷ್ಟು ದಿನ ಅದನ್ನು ಆಕಸ್ಮಿಕ ಅಂತ ತಿಳಿದಿದ್ದೀರಿ. ಪಾಪ.

ಆಮೇಲೆ ನೀವು ಸಜ್ಜೆ ರೊಟ್ಟಿ ಮುರಿದಿರಿ. ಅಷ್ಟು ಖಡಕ್ ರೊಟ್ಟಿಯನ್ನು ಯಾರಾದರೂ ಅಷ್ಟು ಜೋರಾಗಿ ಮುರಿಯುತ್ತಾರಾ? ಒಂದು ಚೂರು ಹಾರಿ ಬಂದು ನನ್ನ ಅಂಬಲಿಯಲ್ಲಿ ಬಿತ್ತು. ನೀವು ಆ ಚೂರನ್ನು ನೋಡಿದಿರಿ, ನನ್ನನ್ನು ನೋಡಿದಿರಿ, "ಅದು ನಿಮಗೇ ಇರಲಿ" ಅಂದಿರಿ. ನಾನು ನಕ್ಕೆ, ನೀವೂ ನಕ್ಕಿರಿ. ನಿಮ್ಮ ನಗುವಿಗೆ ಶಬ್ದವೇ ಇಲ್ಲ, ಭುಜ ಎರಡೂ ಕುಣಿಯುತ್ತವೆ. ನಿಮ್ಮ ಮನೆಯಲ್ಲಿ ಯಾರೂ ಇದನ್ನು ಹೇಳಿಲ್ಲವಾ? ಯಾರೂ ಹೇಳಿಲ್ಲ ಅಂದರೆ ಇನ್ನೂ ಒಳ್ಳೆಯದು, ಆ ಸುದ್ದಿ ನನ್ನ ಹತ್ತಿರವೇ ಇರಲಿ.

ರಾತ್ರಿ ನಿಮ್ಮ ಮೊದಲ ಮೆಸೇಜ್. "ಹೊಲದ ಫೋಟೋ ಕಳಿಸಿದ್ದೇನೆ, ನೋಡಿ." ನೋಡಿದೆ. ಎಲ್ಲರೂ ಇರುವ ಗ್ರೂಪ್ ಫೋಟೋ, ಕೊಂಪೆಯ ಫೋಟೋ, ಎತ್ತಿನ ಫೋಟೋ. ಆಮೇಲೆ ಬಾಯಿ ತುಂಬ ಭಜ್ಜಿ ಇಟ್ಟುಕೊಂಡು ನಗುತ್ತಿರುವ ನನ್ನ ಫೋಟೋ. ಹೊಲದ ಫೋಟೋದಲ್ಲಿ ಅದು ಹೇಗೆ ಬಂತು ಅಂತ ನಾನು ಕೇಳಲಿಲ್ಲ. ನೀವೂ ಹೇಳಲಿಲ್ಲ. ಹೇಳಲೇಬೇಡಿ, ಹಾಗೇ ಚೆನ್ನಾಗಿದೆ.

ಈಗ ಹಸುವಿನ ವಿಷಯ.

ಕಾಡಿಗೆ ಹಚ್ಚಿದರೆ ಮಧ್ಯಾಹ್ನದೊಳಗೆ ಕಣ್ಣಿನ ಕೆಳಗೆಲ್ಲ ಹರಡುತ್ತದೆ ಅಂತ ನಾನು ಸುಮ್ನೆ ಗೊಣಗಿದ್ದೆ. ಯಾವ ಗಂಡಸಾದರೂ "ಅಯ್ಯೋ ಹೌದಾ" ಅನ್ನುತ್ತಿದ್ದ. ನೀವು ಬರೆದಿದ್ದು ಇದು: "ನಿಮಗೆ ಕಾಡಿಗೆ ಯಾಕೆ? ದೇವಣಿ ಹಸುವಿಗೆ ಯಾರಾದರೂ ಕಾಡಿಗೆ ಹಚ್ಚುತ್ತಾರಾ?"

ಆ ಸಂಜೆ ನಾನು ರಿಪ್ಲೈ ಮಾಡಲಿಲ್ಲ, ನೆನಪಿದೆಯಲ್ಲ? ಸಿಟ್ಟು ಅಂತ ತಿಳಿದು ನೀವು ಸಾಲಾಗಿ ಕೈ ಮುಗಿಯುವ ಇಮೋಜಿ ಕಳಿಸಿದಿರಿ. ಸಿಟ್ಟು ಬಂದಿದ್ದೂ ನಿಜ. ಆದರೆ ರಾತ್ರಿ ಹಾಸಿಗೆಯಲ್ಲಿ ಮಲಗಿ ದೇವಣಿ ಹಸುವಿನ ಫೋಟೋ ಹುಡುಕಿ ನೋಡಿದೆ. ಬಿಳಿ ಮೈ, ಮುಖದ ಮೇಲೆ ಕಪ್ಪು, ಜೋತು ಬಿದ್ದ ಉದ್ದ ಕಿವಿ. ಕಣ್ಣು ಮಾತ್ರ, ಅಬ್ಬಾ. ಅಷ್ಟು ದೊಡ್ಡ ಕಣ್ಣು, ಸುತ್ತ ಕಪ್ಪು ಅಂಚು, ಯಾರೋ ಕೂತು ತಿದ್ದಿದ ಹಾಗೆ. ಕಣ್ಣಿನ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ. ಕಿವಿಯ ಮಟ್ಟಿಗೆ ಎದ್ದು ಲೈಟ್ ಹಾಕಿ ಕನ್ನಡಿ ನೋಡಿಕೊಂಡೆ. ಮರುದಿನ ಕಾಡಿಗೆ ಹಚ್ಚದೆ ಬ್ಯಾಂಕಿಗೆ ಹೋದೆ. ನಿಮಗೆ ಹೇಳಿರಲಿಲ್ಲ. ಅವತ್ತಿನಿಂದ ಆ ಡಬ್ಬಿ ಮುಟ್ಟಿಲ್ಲ. ಇಷ್ಟಕ್ಕೇ ತಲೆ ಮೇಲೆ ಕೂರಬೇಡಿ.

ನಿಮ್ಮ ಪೇಷಂಟ್‌ಗಳು ಮಾತಾಡುವುದಿಲ್ಲ. ಹಾಗಾಗಿ ನಿಮಗೆ ಉದ್ದ ಉತ್ತರ ಕೊಟ್ಟು ರೂಢಿ ಇಲ್ಲ ಅಂತ ನನಗೆ ಅರ್ಥವಾಗುತ್ತದೆ. ಆದರೂ ನಾನು ಅರ್ಧ ಗಂಟೆ ಕೂತು ಬ್ರಾಂಚಿನ ರಾಮಾಯಣ ಪೂರ್ತಿ ಟೈಪ್ ಮಾಡಿದರೆ "ಹೂಂ" ಅಂತ ಒಂದು ಅಕ್ಷರ ಬರುತ್ತದಲ್ಲ, ಅದಕ್ಕೊಂದು ಫೈನ್ ಹಾಕಬೇಕು. ಇನ್ನೊಂದು ಕಡೆ ಬಿದ್ರಿ ಅಂದರೆ ಸಾಕು, ವಾಯ್ಸ್ ಮೆಸೇಜ್ ಮೇಲೆ ವಾಯ್ಸ್ ಮೆಸೇಜ್. ಸತು, ತಾಮ್ರ, ಬೆಳ್ಳಿ ತಂತಿ, ಕೊನೆಗೆ ಹಳೇ ಕೋಟೆಯ ಮಣ್ಣು ಹಚ್ಚಿದರೆ ಮೈಯೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ, ಕಸುಬಿನವರು ಆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ ಅಂತೆಲ್ಲ. ಹಿಂದೆ ನಿಮ್ಮ ಮನೆಯ ಕುಕ್ಕರ್ ಸೀಟಿ ಬೇರೆ. ಅದನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಬಿದ್ರಿಗೋಸ್ಕರ ಅಲ್ಲ ಅಂತ ಹೇಳಿದರೆ ನೀವು ನಂಬುತ್ತೀರಿ ಅನಿಸುತ್ತದೆ.

ಹಾಂ, ಅವತ್ತು ನಾನು ಯಾವ ಓಲೆ ಹಾಕಿದ್ದೆ ಅಂತ ನಡುವೆ ಕೇಳಿದಿರಿ. ಯಾಕೆ ಕೇಳಿದಿರಿ ಅಂತ ಗೊತ್ತಾಯ್ತು. ಬೇಡ. ಈಗಲೇ ಓಲೆ ಗೀಲೆ ಏನೂ ತರಬೇಡಿ. ನಮ್ಮ ಅವ್ವ ನಾನು ಒಳಗೆ ಬಂದ ಕೂಡಲೇ ಮೊದಲು ನೋಡುವುದೇ ಕಿವಿ, ಆಮೇಲೆ ಮುಖ.

ನಿಮ್ಮ ಊರು ನಮ್ಮ ಊರಿನ ಜಗಳ ಮಾತ್ರ ಈ ತಿಂಗಳಲ್ಲಿ ಮುಗಿಯಲೇ ಇಲ್ಲ. ತೊಗರಿಬೇಳೆ ನಮ್ಮದು ಅಂತ ನೀವೂ ಒಪ್ಪಿದ್ದೀರಿ, ಅದು ದಾಖಲೆಯಲ್ಲಿದೆ. ಚಳಿ ನಿಮ್ಮದು, ಬಿಸಿಲು ನಮ್ಮದು. ಕೋಟೆಯ ವಿಷಯಕ್ಕೆ ಬಂದರೆ, 1347ರಲ್ಲಿ ಬಹಮನಿಯವರು ನಮ್ಮ ಊರನ್ನೇ ರಾಜಧಾನಿ ಮಾಡಿಕೊಂಡರು ಅಂತ ನಾನು ಎದೆ ಉಬ್ಬಿಸಿ ಹೇಳಿದೆ. ನೀವು ಶಾಂತವಾಗಿ, "ಆಮೇಲೆ ಅಹ್ಮದ್ ಶಾ ಬಿಟ್ಟು ಬೀದರಿಗೆ ಬಂದನಲ್ಲ" ಅಂದಿರಿ. ಅವತ್ತು ನನಗೆ ಉತ್ತರ ತೋಚಲಿಲ್ಲ. ಈಗ ಹೇಳುತ್ತೇನೆ ಕೇಳಿ. ಕಲಬುರಗಿ ಬಿಟ್ಟು ಯಾರಾದರೂ ಬೀದರ್ ಕಡೆ ಯಾಕೆ ಹೋಗುತ್ತಾರೆ ಅಂತ ನನಗೆ ಹೋದ ತಿಂಗಳವರೆಗೆ ಅರ್ಥ ಆಗುತ್ತಿರಲಿಲ್ಲ. ಈಗ ಆ ಸುಲ್ತಾನನ ಮೇಲೆ ಸ್ವಲ್ಪ ಕನಿಕರ ಬಂದಿದೆ. ಏನಾದರೂ ಕಾರಣ ಇದ್ದಿರಬೇಕು ಪಾಪ.

ಇದನ್ನು ಓದಿ ಕಿವಿ ಕೆಂಪಾಯ್ತಾ? ಆಗಲಿ.

ಜಾಸ್ತಿ ಯೋಚನೆ ಮಾಡಬೇಡಿ ಮತ್ತೆ. ನಾನು ಜಾತಕ ಕೇಳುತ್ತಿಲ್ಲ. ಮನೆಯಲ್ಲಿ ಹೇಳಿಲ್ಲ, ನೀವೂ ಹೇಳಬೇಡಿ. "ನಾವಿಬ್ಬರೂ ಏನು" ಅಂತ ಕೇಳುವ ಮೆಸೇಜ್ ಅಲ್ಲ ಇದು. ಕ್ಯಾಷ್ ಕೌಂಟರ್‌ನಲ್ಲಿ ಕೂತಾಗ ಡ್ರಾಯರ್ ಒಳಗೆ ಫೋನ್ ಬೆಳಗಿದರೆ, ನೋಟು ಎಣಿಸುವುದನ್ನು ಅರ್ಧಕ್ಕೆ ಬಿಟ್ಟು ಮತ್ತೆ ಮೊದಲಿನಿಂದ ಎಣಿಸುತ್ತೇನೆ. ನನಗೆ ಈ ಪರಿಸ್ಥಿತಿ ಇಷ್ಟ ಆಗಿದೆ. ನಿಂತ ಗ್ರಾಹಕರಿಗೆ ಆಗಿಲ್ಲ. ಅಷ್ಟು ಹೇಳೋಣ ಅನಿಸಿತು.

ಒಂದೇ ಒಂದು ಲಾಸ್ ಇದೆ. ಫೋನಿನಲ್ಲಿ ನೀವು ನಕ್ಕರೆ ಏನೂ ಕೇಳಿಸುವುದಿಲ್ಲ. ಲೈನ್ ಕಟ್ ಆಯ್ತು ಅಂತ ನಾನು "ಹಲೋ, ಹಲೋ" ಅನ್ನುತ್ತೇನೆ. ಆ ಭುಜ ಕುಣಿಯುವುದನ್ನು ಎದುರಿಗೆ ಕೂತೇ ನೋಡಬೇಕು, ಬೇರೆ ದಾರಿ ಇಲ್ಲ.

ಅದಕ್ಕೆ ಭಾನುವಾರ ಬನ್ನಿ. ಟ್ರೇನ್ ಹಳಿ ಹಾಕಿಸಿ ಕೊಟ್ಟಿದ್ದಾರಲ್ಲ, 2017ರಿಂದ ಬೀದರಿನಿಂದ ಕಲಬುರಗಿಗೆ ಸೀದಾ ದಾರಿ ಇದೆ, ನೆಪ ಹೇಳಬೇಡಿ. ಈಗ ಸೀತನಿ ಸೀಸನ್. ಹಸಿ ಜೋಳದ ತೆನೆ ಸುಟ್ಟು ಬಿಸಿ ಇರುವಾಗಲೇ ತಿಕ್ಕಿ ಕಾಳು ಬಿಡಿಸಬೇಕು, ಕೈ ಸುಡುತ್ತದೆ. ಸುಡುವ ಕೆಲಸ ನಿಮ್ಮದು, ಶೇಂಗಾ ಚಟ್ನಿ ನನ್ನದು. ಆಮೇಲೆ ಅಪ್ಪನ ಕೆರೆ ಕಡೆ ಒಂದು ಸುತ್ತು. ಹೊತ್ತು ಉಳಿದರೆ ಸೂಪರ್ ಮಾರ್ಕೆಟ್‌ನಲ್ಲಿ ಮಿರ್ಚಿ. ಹೊಲದ ಗೆಳತಿಯೂ ಬರುತ್ತಾಳೆ, ಮನೆಯಲ್ಲಿ ಹೇಳಲು ಒಂದು ಹೆಸರು ಬೇಕಲ್ಲ. ಅವಳಿಗೆ ಸಂಜೆ ಬೇಗ ಕೆಲಸ ಇದೆಯಂತೆ. ಆ ಕೆಲಸ ನಾನೇ ಹಚ್ಚಿದ್ದು.

ಶರಣಬಸವೇಶ್ವರ ಜಾತ್ರೆಯ ತೊಟ್ಟಿಲು ಹತ್ತಿಸುತ್ತೇನೆ ಅಂತ ಜಂಭ ಕೊಚ್ಚಿದ್ದೀರಿ. ಅದಕ್ಕೆ ಹೋಳಿ ಮುಗಿಯಬೇಕು, ಇನ್ನೂ ಟೈಮಿದೆ. ಅಷ್ಟರೊಳಗೆ ಹೆದರಿಕೆ ಇದ್ದರೆ ಹೇಳಿಬಿಡಿ, ಕೆಳಗೆ ನಿಂತು ನಿಮ್ಮ ಚಪ್ಪಲಿ ಕಾಯುತ್ತೇನೆ.

ಬಸ್ಸಿಗೆ ಬಂದರೆ ಕಮಲಾಪುರದಲ್ಲಿ ಇಳಿದು ಕೆಂಪು ಬಾಳೆಹಣ್ಣು ತನ್ನಿ. ರೇಟು ಜಾಸ್ತಿ ಇರುತ್ತದೆ, ಚೌಕಾಸಿ ಮಾಡಿ. ಓಲೆ ಬೇಡ ಅಂದೆ, ಹಣ್ಣು ಬೇಡ ಅಂದಿಲ್ಲ.

ಈ ಒಂದು ಸಲ "ಹೂಂ" ಅಂತ ಕಳಿಸಿದರೂ ಫೈನ್ ಇಲ್ಲ.