ಸದಸ್ಯತ್ವ ನವೀಕರಣ: ಏಪ್ರಿಲ್ 30ರೊಳಗೆ ಒಮ್ಮೆ ಕ್ಲಬ್ಬಿನ ಕಡೆ ಬನ್ನಿ

ಬದಿಯಡ್ಕ
5 ಏಪ್ರಿಲ್ 2026

ಆತ್ಮೀಯ ಸದಸ್ಯರೇ, ನಮಸ್ಕಾರ.

ನಮ್ಮ ಸ್ಪೋರ್ಟ್ಸ್ ಕ್ಲಬ್ಬಿನ ಸದಸ್ಯತ್ವದ ಅವಧಿ ಮಾರ್ಚ್ 31ಕ್ಕೆ ಮುಗಿದಿದೆ. ಏಪ್ರಿಲ್ 30, ಗುರುವಾರದೊಳಗೆ ಈ ವರ್ಷದ ಚಂದಾ ಕೊಟ್ಟು ನಮ್ಮ ಜೊತೆ ಮುಂದುವರಿಯಿರಿ ಎಂದು ಕೇಳಿಕೊಳ್ಳಲು ಈ ಪತ್ರ.

ಕಳೆದ ವರ್ಷ ನಾವು ಕಳಿಸಿದ್ದ ನೋಟೀಸು ನಾಲ್ಕೇ ಸಾಲಿನದು. ಅದನ್ನು ಓದಿದ ಹಿರಿಯರೊಬ್ಬರು, "ಸಾಲ ವಸೂಲಿಗೆ ಬಂದವರ ಹಾಗೆ ಬರೆದಿದ್ದೀರಲ್ಲ, ಮಕ್ಕಳೇ" ಅಂದರು. ಅವರ ಮಾತು ನಮಗೆ ತಟ್ಟಿತು. ಹಾಗಾಗಿ ಈ ಸಲ ಎಲ್ಲವನ್ನೂ ಬಿಡಿಸಿ ಬರೆದಿದ್ದೇವೆ.

ಚಂದಾ ಜಾಸ್ತಿ ಮಾಡಿಲ್ಲ. ಒಬ್ಬರಿಗೆ ವರ್ಷಕ್ಕೆ 600 ರೂಪಾಯಿ, ಅಂದರೆ ತಿಂಗಳಿಗೆ 50. ಮನೆಯವರೆಲ್ಲ ಸೇರಿ ಸದಸ್ಯರಾಗುವುದಾದರೆ 1,000. ಕಲಿಯುತ್ತಿರುವ ಮಕ್ಕಳಿಗೆ 200, ಅರುವತ್ತು ದಾಟಿದವರಿಗೆ 300. ಆಜೀವ ಸದಸ್ಯರು ಏನೂ ಕೊಡಬೇಕಾಗಿಲ್ಲ, ಆದರೆ ಫೋನ್ ನಂಬರ್ ಬದಲಾಗಿದ್ದರೆ ದಯವಿಟ್ಟು ತಿಳಿಸಿ.

ಈ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ. ವಾಲಿಬಾಲ್ ಅಂಗಳದ ನೆಟ್ಟನ್ನು ಹತ್ತಿರ ಹೋಗಿ ಒಮ್ಮೆ ನೋಡಿ. ಎಡಗಡೆ ಕಂಬದ ಪಕ್ಕದಲ್ಲಿ ಎರಡು ಕಡೆ ಹರಿದು, ಹಸಿರು ನೈಲಾನ್ ಹಗ್ಗದಲ್ಲಿ ಹೊಲಿದ ಗುರುತು ಕಾಣುತ್ತದೆ. ನಮ್ಮ ಹುಡುಗರೇ ಹೊಲಿದದ್ದು. ಇನ್ನೊಂದು ಮಳೆಗಾಲವನ್ನು ಅದು ತಡೆಯಲಾರದು, ಹೊಸದು ಬೇಕೇ ಬೇಕು. ರಾತ್ರಿ ಆಟ ಇರುವ ಕಾರಣ ಎರಡು ತಿಂಗಳಿಗೊಮ್ಮೆ ಬರುವ ಕರೆಂಟು ಬಿಲ್ಲು ಸಣ್ಣದಲ್ಲ. ಮಳೆ ಹಿಡಿದರೆ ಕೆಂಪುಕಲ್ಲಿನ ಮೆಟ್ಟಿಲಲ್ಲಿ ಹಾವಸೆ ಕಟ್ಟಿ ಜಾರುತ್ತದೆ. ಮೇ ತಿಂಗಳಲ್ಲೇ ಅದನ್ನು ಉಜ್ಜಿಸಿ, ಪಕ್ಕಕ್ಕೆ ಹಿಡಿದುಕೊಳ್ಳಲು ಪೈಪು ಹಾಕಿಸಬೇಕೆಂದಿದ್ದೇವೆ. ಬೆಳಗ್ಗೆ ವಾಕಿಂಗ್‌ಗೆ ಬರುವ ಹಿರಿಯರು ಎರಡು ವರ್ಷಗಳಿಂದ ಕೇಳುತ್ತಿರುವುದು ಇದೊಂದನ್ನೇ.

ಸದಸ್ಯರಿಗೆ ಸಂಜೆ 5ರಿಂದ ರಾತ್ರಿ 9ರ ತನಕ ಅಂಗಳ ತೆರೆದಿರುತ್ತದೆ. ಅದರಲ್ಲಿ ಮೊದಲ ಒಂದು ಗಂಟೆ ಶಟಲ್ ಕೋರ್ಟು ಹೆಂಗಸರಿಗೆ ಮತ್ತು ಹೆಣ್ಣುಮಕ್ಕಳಿಗೆ ಮಾತ್ರ. ಕಬಡ್ಡಿ ಮ್ಯಾಟು, ಬಾಲು, ನೆಟ್ಟು ಎಲ್ಲ ಕ್ಲಬ್ಬಿನದೇ. ಶಟಲ್ ಆಡುವವರು ಸುಮ್ನೆ ರಾಕೆಟ್ ಒಂದು ತಂದರೆ ಸಾಕು. ಪಂಚಾಯತು ಮಟ್ಟದ ಕೇರಳೋತ್ಸವಕ್ಕೆ ನಮ್ಮ ತಂಡದಲ್ಲಿ ಆಡುವವರಿಗೆ ಜೆರ್ಸಿ ಕ್ಲಬ್ಬೇ ಕೊಡುತ್ತದೆ. ಓಣಂ ಆಟೋಟಕ್ಕೆ ಮನೆಮಂದಿಗೆಲ್ಲ ಪ್ರವೇಶ ಉಂಟು, ಊಟವೂ ಉಂಟು.

ಮಕ್ಕಳ ವಿಷಯ ಸ್ವಲ್ಪ ಒತ್ತಿ ಹೇಳಬೇಕು. ಶಾಲೆಗೆ ರಜೆ, ಮನೆಯಲ್ಲಿ ಮೊಬೈಲು ಕೈಬಿಡುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದೀರಿ ಅಲ್ವಾ? ಏಪ್ರಿಲ್ 20ರಿಂದ ಮೇ 20ರ ತನಕ ಬೆಳಗ್ಗೆ ಆರೂವರೆಯಿಂದ ಎಂಟೂವರೆಗೆ ಮಕ್ಕಳ ಶಿಬಿರ ಇದೆ. ಸದಸ್ಯರ ಮಕ್ಕಳಿಗೆ ಪ್ರತ್ಯೇಕ ಫೀಸಿಲ್ಲ. ಕಳೆದ ಶಿಬಿರದ ಮೊದಲ ದಿನ ಅಜ್ಜನ ಬೆನ್ನ ಹಿಂದೆ ಅಡಗಿ ನಿಂತಿದ್ದ ಒಬ್ಬ ಸಣ್ಣ ಹುಡುಗಿ, ಕೊನೆಯ ವಾರ ಕಬಡ್ಡಿಯಲ್ಲಿ ಉಸಿರು ಬಿಡದೆ ಗೆರೆ ಮುಟ್ಟಿ ಬಂದಳು. ಅವಳ ಮೊಣಕಾಲಿಗೆಲ್ಲ ಕೆಂಪು ಮಣ್ಣು. ಅಜ್ಜ ಚಪ್ಪಾಳೆ ಹೊಡೆಯುವುದನ್ನೇ ನಿಲ್ಲಿಸಲಿಲ್ಲ.

ಚಂದಾ ಕೊಡುವುದು ಸುಲಭ. ದಿನಾ ಸಂಜೆ 6ರಿಂದ 8ರ ತನಕ ಖಜಾಂಚಿಯವರು ಕ್ಲಬ್ಬಿನ ಕೋಣೆಯಲ್ಲಿರುತ್ತಾರೆ. ನಗದು ಕೊಡಬಹುದು, ಬಾಗಿಲಿಗೆ ಅಂಟಿಸಿದ ಕ್ಯೂಆರ್ ಕೋಡಿಗೂ ಹಾಕಬಹುದು. ಗಲ್ಫಿನಲ್ಲಿರುವವರು ಮನೆಯವರ ಕೈಯಲ್ಲಿ ಕೊಟ್ಟು ಕಳಿಸಿದರೂ ಆಗುತ್ತದೆ. ರಶೀದಿ ಮಾತ್ರ ಮರೆಯದೆ ತೆಗೆದುಕೊಳ್ಳಿ.

30ನೇ ತಾರೀಕು ಕಳೆಯಿತೆಂದು ನಿಮ್ಮನ್ನು ಯಾರೂ ಅಂಗಳದಿಂದ ಹೊರಗೆ ಕಳಿಸುವುದಿಲ್ಲ. ಆದರೆ ಮೇ 10, ಭಾನುವಾರ ಮಹಾಸಭೆ ಇದೆ, ಹೊಸ ಸಮಿತಿಯ ಆಯ್ಕೆ ಅಂದೇ. ಮತದಾರರ ಪಟ್ಟಿಯನ್ನು 30ರ ರಾತ್ರಿಯೇ ಬರೆದು ಮುಗಿಸಬೇಕು. ನಿಮ್ಮ ಹೆಸರು ಅದರಲ್ಲಿರಬೇಕು ಎಂಬುದೇ ನಮ್ಮ ಆಸೆ.

ಈ ವರ್ಷ ಅಡಿಕೆಯಲ್ಲೋ ಕೆಲಸದಲ್ಲೋ ಕಷ್ಟವಾಗಿ ಕೈ ಬಿಗಿಯಾಗಿದ್ದರೆ ಸಂಕೋಚ ಬೇಡ. ನಮ್ಮಿಬ್ಬರಲ್ಲಿ ಒಬ್ಬರಿಗೆ ಒಂದು ಮಾತು ಹೇಳಿ. ಎರಡು ಮೂರು ಕಂತಿನಲ್ಲಿ ಕೊಡಬಹುದು, ಮುಂದಿನ ವರ್ಷಕ್ಕೆ ಸೇರಿಸಿಯೂ ಕೊಡಬಹುದು. ವಿಷಯ ಮೂರನೆಯವರ ಕಿವಿಗೆ ಹೋಗುವುದಿಲ್ಲ. ಚಂದಾ ಬಾಕಿಯಾಯಿತೆಂದು ಆಟಕ್ಕೆ ಬರುವುದನ್ನು ಮಾತ್ರ ನಿಲ್ಲಿಸಬೇಡಿ.

ಈಗಾಗಲೇ ಚಂದಾ ಕೊಟ್ಟವರಿಗೆ ತುಂಬಾ ಧನ್ಯವಾದ. ಉಳಿದವರು ವಿಷು ಮುಗಿಸಿಕೊಂಡು ಒಂದು ಸಂಜೆ ಬನ್ನಿ, ಚಹಾ ಇರುತ್ತದೆ.

ನಿಮ್ಮವರೇ ಆದ
ಕಾರ್ಯದರ್ಶಿ ಮತ್ತು ಖಜಾಂಚಿ